ಇನ್ನೂರು ದಾಟಿದ ಒಂದೇ ಒಂದು ಯೂನಿಟ್: ಕರೆಂಟ್ ಬಿಲ್‌ನ ಸರಾಸರಿ ದರ ಲೆಕ್ಕ ಹಾಕೋದು ಹೇಗೆ?

ಸಂತೆಕಲ್ಲೂರು: ಬೇಸಿಗೆಯಲ್ಲಿ ಕೂಲರ್ ಶುರುವಾದ ಮೇಲೆ ಕಿರಾಣಿ ಅಂಗಡಿ ಮುಂದೆ, ಬಸ್ ನಿಲ್ದಾಣದ ಕಟ್ಟೆ ಮೇಲೆ ಒಂದು ಮಾತು ಖಾಯಂ. "ಹೋದ ತಿಂಗಳು ನಾಕ್ನೂರು ಬಂದಿತ್ತು, ಈ ತಿಂಗಳು ಹದಿನಾರುನೂರು ಬಂದದ. ಅಷ್ಟೇನು ಉರಿಸಿಲ್ಲಪ್ಪ." ಮೀಟರ್ ಓಡ್ತದ, ರೀಡರ್ ತಪ್ಪು ಬರೆದಾನ ಎಂಬ ಅನುಮಾನ ಮೊದಲು ಬರುತ್ತದೆ. ಕೆಲವೊಮ್ಮೆ ಅದು ನಿಜವೂ ಇರುತ್ತದೆ. ಆದರೆ ಬಹಳಷ್ಟು ಸಲ ಮೀಟರ್ ಸರಿಯಾಗಿಯೇ ಇರುತ್ತದೆ, ಬಳಕೆಯೂ ಸ್ವಲ್ಪವೇ ಏರಿರುತ್ತದೆ. ಏರಿದ್ದು ಯೂನಿಟ್‌ಗೆ ಬೀಳುವ ಸರಾಸರಿ ದರ.

ಹೆಚ್ಚು ಬಳಸಿದವರಿಗೆ ಹೆಚ್ಚು ದರ ಎಂಬ ಪದ್ಧತಿಯಲ್ಲಿ ಬಿಲ್ ಹೇಗೆ ಏರುತ್ತದೆ, ಅದು ಎಲ್ಲಿ ಒಮ್ಮೆಲೇ ಜಿಗಿಯುತ್ತದೆ, ಜಿಗಿಯುವ ಮೊದಲೇ ತಿಳಿದುಕೊಳ್ಳೋದು ಹೇಗೆ ಎಂಬ ವಿವರ ಇಲ್ಲಿದೆ. ಮಸ್ಕಿ, ಲಿಂಗಸುಗೂರು, ಸಿಂಧನೂರು ತಾಲ್ಲೂಕುಗಳು ಜೆಸ್ಕಾಂ ವ್ಯಾಪ್ತಿಯಲ್ಲಿವೆ. ದರವನ್ನು ಜೆಸ್ಕಾಂ ತಾನೇ ನಿಗದಿ ಮಾಡುವುದಿಲ್ಲ. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಹೊರಡಿಸುವ ಆದೇಶದಂತೆ ವಸೂಲಿ ಮಾಡುತ್ತದೆ.

ಸರಾಸರಿ ದರ ಅಂದ್ರೆ ಏನು?

ಲೆಕ್ಕ ಸುಲಭ. ಬಿಲ್‌ನಲ್ಲಿ ಆ ತಿಂಗಳಿಗೆ ಬಂದ ಮೊತ್ತವನ್ನು ಆ ತಿಂಗಳು ಬಳಸಿದ ಯೂನಿಟ್‌ನಿಂದ ಭಾಗಿಸಬೇಕು. 100 ಯೂನಿಟ್‌ಗೆ 600 ರೂಪಾಯಿ ಬಂದರೆ ಸರಾಸರಿ 6 ರೂಪಾಯಿ. ಹಳೆ ಬಾಕಿ ಇದ್ದರೆ ಅದನ್ನು ಮೊದಲು ಕಳೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಸರಾಸರಿ ದರ ಬೇರೆ, ಮುಂದಿನ ಒಂದು ಯೂನಿಟ್‌ಗೆ ಬೀಳುವ ದರ ಬೇರೆ. ಸರಾಸರಿ ಎಂಬುದು ಈಗಾಗಲೇ ಉರಿಸಿದ್ದಕ್ಕೆಲ್ಲ ಸೇರಿಸಿ ಬಿದ್ದ ದರ. ಇನ್ನೊಂದು ತಾಸು ಕೂಲರ್ ಹಾಕಿದರೆ ಎಷ್ಟು ಖರ್ಚು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಮುಂದಿನ ಯೂನಿಟ್‌ನ ದರ. ಜನ ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ.

ಸ್ಲ್ಯಾಬ್ ಎರಡು ಥರ

ಸ್ಲ್ಯಾಬ್ ಪದ್ಧತಿಯನ್ನು ಎರಡು ರೀತಿ ಜಾರಿ ಮಾಡಬಹುದು. ನಮ್ಮ ರಾಜ್ಯದಲ್ಲಿ ಒಂದೆರಡು ವರ್ಷದ ಅಂತರದಲ್ಲಿ ಎರಡೂ ನಡೆದಿವೆ.

ಮೊದಲನೆಯದು ಮೆಟ್ಟಿಲಿನ ಥರ. 2022-23ರಲ್ಲಿ ಬೆಸ್ಕಾಂನ ನಗರ ಪ್ರದೇಶದ ಮನೆಗಳಿಗೆ ಮೊದಲ 50 ಯೂನಿಟ್‌ಗೆ 4.15 ರೂ., 51ರಿಂದ 100ರವರೆಗೆ 5.60 ರೂ., 101ರಿಂದ 200ರವರೆಗೆ 7.15 ರೂ., ಅದರ ಮೇಲೆ 8.20 ರೂ. ದರವಿತ್ತು. ಇಲ್ಲಿ ಹೆಚ್ಚಿನ ದರ ಮೇಲಿನ ಯೂನಿಟ್‌ಗೆ ಮಾತ್ರ. 120 ಯೂನಿಟ್ ಬಳಸಿದರೆ ಮೊದಲ 50ಕ್ಕೆ 207.50, ಮುಂದಿನ 50ಕ್ಕೆ 280, ಉಳಿದ 20ಕ್ಕೆ 143 ರೂಪಾಯಿ. ಒಟ್ಟು 630.50. ಸರಾಸರಿ ಸುಮಾರು 5.25 ರೂ. ಕೊನೆಯ ಯೂನಿಟ್‌ಗೆ 7.15 ಕೊಟ್ಟರೂ ಸರಾಸರಿ ಅಷ್ಟು ಆಗಲಿಲ್ಲ, ಯಾಕಂದ್ರೆ ಕೆಳಗಿನ ಯೂನಿಟ್‌ಗಳು ಅಗ್ಗದ ದರದಲ್ಲೇ ಉಳಿದವು. 100ರಿಂದ 101ಕ್ಕೆ ಹೋದವರಿಗೆ ಹೆಚ್ಚಾಗಿದ್ದು 7.15 ರೂಪಾಯಿ ಅಷ್ಟೇ.

ಎರಡನೆಯದು ಗಡಿ ದಾಟಿದರೆ ಪೂರ್ತಿ ಬದಲಾಗುವ ಥರ. 2023ರ ಮೇ 12ರಂದು ಕೆಇಆರ್‌ಸಿ ಹೊರಡಿಸಿದ ಆದೇಶದಲ್ಲಿ ಮನೆ ಬಳಕೆಗೆ ಎರಡೇ ದರ ಇದ್ದವು. 100 ಯೂನಿಟ್‌ವರೆಗೆ 4.75 ರೂ. ನೂರು ದಾಟಿದರೆ ಮೊದಲನೇ ಯೂನಿಟ್‌ನಿಂದಲೇ ಎಲ್ಲಕ್ಕೂ 7 ರೂ. ಹೊಸ ದರ ಏಪ್ರಿಲ್ 1ರಿಂದಲೇ ಅನ್ವಯವಾಗಿತ್ತು.

ಇದರಲ್ಲಿ 100 ಯೂನಿಟ್‌ಗೆ 475 ರೂಪಾಯಿ, 101 ಯೂನಿಟ್‌ಗೆ 707 ರೂಪಾಯಿ. ಒಂದೇ ಯೂನಿಟ್‌ಗೆ 232 ರೂಪಾಯಿ ಹೆಚ್ಚು! ಸರಾಸರಿ ದರ 4.75ರಿಂದ ನಿಧಾನವಾಗಿ ಏರಲಿಲ್ಲ, ಒಮ್ಮೆಲೇ 7ಕ್ಕೆ ಹಾರಿತು. ಆ ವರ್ಷ ಜೂನ್ ತಿಂಗಳ ಬಿಲ್ ನೋಡಿ ಜನ ಗಾಬರಿಯಾಗಿದ್ದಕ್ಕೆ ಇದೂ ಒಂದು ಕಾರಣ.

ಈಗ ಸ್ಲ್ಯಾಬ್ ಇಲ್ಲ, ಆದ್ರೂ ಅದ

2024ರ ಏಪ್ರಿಲ್ 1ರಿಂದ ಮನೆ ಬಳಕೆಯ ಸ್ಲ್ಯಾಬ್ ತೆಗೆದು, ಎಷ್ಟೇ ಬಳಸಿದರೂ ಯೂನಿಟ್‌ಗೆ 5.90 ರೂ. ಎಂದು ಒಂದೇ ದರ ಮಾಡಲಾಯಿತು. 2025ರ ಏಪ್ರಿಲ್ 1ರಿಂದ ಅದು 5.80 ರೂ.ಗೆ ಇಳಿಯಿತು. ಅದೇ ವೇಳೆಗೆ ನಿಗದಿತ ಶುಲ್ಕ ಪ್ರತಿ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು. ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಕೂಡ ಸೇರಿತು. ಇಲ್ಲಿನ ಉದಾಹರಣೆಗಳಿಗೆ ಈ 2025-26ರ ದರವನ್ನೇ ಹಿಡಿಯಲಾಗಿದೆ. ನಂತರದ ಬಿಲ್ ಆಗಿದ್ದರೆ ಅದರಲ್ಲಿ ಅಚ್ಚಾದ ದರವನ್ನು 5.80ರ ಜಾಗದಲ್ಲಿ ಇಟ್ಟುಕೊಂಡರೆ ಸಾಕು, ಲೆಕ್ಕದ ದಾರಿ ಒಂದೇ.

ಹಾಗಾದರೆ ಒಂದೇ ದರ ಇರುವಾಗ ಬಿಲ್ ಜಿಗಿಯೋದು ಯಾಕೆ? ಉತ್ತರ ಗೃಹಜ್ಯೋತಿಯಲ್ಲಿದೆ. ದರಪಟ್ಟಿಯಲ್ಲಿ ಸ್ಲ್ಯಾಬ್ ಹೋದರೂ, ಗೃಹಜ್ಯೋತಿ ಪಡೆಯುವ ಮನೆಗೆ ಕೈಯಿಂದ ಕೊಡುವ ಹಣ ಮೂರು ಹಂತದಲ್ಲೇ ಇದೆ.

2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ 200 ಯೂನಿಟ್ ಉಚಿತ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಆ ಮೀಟರ್‌ನಲ್ಲಿ 2022-23ನೇ ಸಾಲಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಕೆಯಾಗಿತ್ತೋ, ಅದಕ್ಕೆ ಶೇ 10 ಸೇರಿಸಿದ್ದು ಆ ಮನೆಯ ಉಚಿತ ಮಿತಿ. ಕಡಿಮೆ ಬಳಸುವ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಕೊಡಲು 2024ರ ಜನವರಿಯಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. 200 ಎಂಬುದು ಉಚಿತದ ಲೆಕ್ಕವಲ್ಲ, ದಾಟಬಾರದ ಗೆರೆ.

ಮೂರು ಹಂತ ಹೀಗಿವೆ. ಬಳಕೆ ಉಚಿತ ಮಿತಿಯೊಳಗಿದ್ದರೆ ಬಿಲ್ ಸೊನ್ನೆ. ಮಿತಿ ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳಿಗೆ ಉಚಿತ ಪೂರ್ತಿ ಇಲ್ಲ, ಎಲ್ಲ ಯೂನಿಟ್‌ಗೂ ಪೂರ್ಣ ಬಿಲ್. ಮೊದಲ ಎರಡು ಹಂತ ಮೆಟ್ಟಿಲಿನ ಥರ, ಮೂರನೆಯದು 2023ರ ನೂರು ಯೂನಿಟ್ ಗಡಿಯ ಥರ.

ಒಂದು ಮನೆಯ ಲೆಕ್ಕ

ಮಂಜೂರಾದ ಲೋಡ್ 2 ಕಿಲೋವ್ಯಾಟ್ ಇರುವ ಒಂದು ಮನೆ ಎಂದುಕೊಳ್ಳೋಣ. 2022-23ರಲ್ಲಿ ಆ ಮನೆಯ ಸರಾಸರಿ ತಿಂಗಳಿಗೆ 120 ಯೂನಿಟ್. ಅದಕ್ಕೆ ಶೇ 10, ಅಂದರೆ 12 ಸೇರಿಸಿದರೆ ಉಚಿತ ಮಿತಿ 132 ಯೂನಿಟ್. ಮೊದಲು ಯೂನಿಟ್ ಶುಲ್ಕ ಮಾತ್ರ ನೋಡೋಣ. ತೆರಿಗೆ, ಸರ್‌ಚಾರ್ಜ್ ಆಮೇಲೆ.

| ತಿಂಗಳ ಬಳಕೆ | ಹಣ ಕೊಡಬೇಕಾದ ಯೂನಿಟ್ | ಯೂನಿಟ್ ಶುಲ್ಕ (ರೂ.) | ಸರಾಸರಿ ದರ (ರೂ.) |
|---|---|---|---|
| 130 | 0 | 0 | 0 |
| 150 | 18 | 104.40 | 0.70 |
| 175 | 43 | 249.40 | 1.43 |
| 200 | 68 | 394.40 | 1.97 |
| 201 | 201 | 1,165.80 | 5.80 |
| 230 | 230 | 1,334.00 | 5.80 |

132ರ ನಂತರ 200ರವರೆಗೆ ಪ್ರತಿ ಯೂನಿಟ್‌ಗೂ ಬೀಳುವುದು 5.80 ರೂಪಾಯಿಯೇ. ಆದರೆ ಸರಾಸರಿ ಎರಡು ರೂಪಾಯಿ ಕೂಡ ಮುಟ್ಟಿಲ್ಲ, ಯಾಕಂದ್ರೆ ಕೆಳಗಿನ 132 ಯೂನಿಟ್ ಪುಕ್ಕಟೆ. 200ರಿಂದ 201ಕ್ಕೆ ಹೋದಾಗ ಯೂನಿಟ್ ಶುಲ್ಕವೊಂದೇ 771.40 ರೂಪಾಯಿ ಏರಿತು. ಆ ಒಂದು ಯೂನಿಟ್‌ನ ನಿಜವಾದ ಬೆಲೆ ಅದು.

ಈಗ 201 ಯೂನಿಟ್‌ನ ಪೂರ್ಣ ಬಿಲ್ ನೋಡಿ. ಯೂನಿಟ್ ಶುಲ್ಕ 1,165.80. ನಿಗದಿತ ಶುಲ್ಕ 2 ಕಿಲೋವ್ಯಾಟ್‌ಗೆ 290. ಸರ್‌ಚಾರ್ಜ್ 72.36. ಯೂನಿಟ್ ಶುಲ್ಕದ ಮೇಲೆ ಶೇ 9 ವಿದ್ಯುತ್ ತೆರಿಗೆ 104.92. ಒಟ್ಟು ಸುಮಾರು 1,633 ರೂಪಾಯಿ. 201ರಿಂದ ಭಾಗಿಸಿದರೆ ಯೂನಿಟ್‌ಗೆ 8.12 ರೂ. ದರಪಟ್ಟಿಯಲ್ಲಿ 5.80 ಎಂದಿದ್ದರೂ ಕೈಯಿಂದ ಹೋಗಿದ್ದು ಎಂಟು ರೂಪಾಯಿ ಮೇಲೆ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಇಲ್ಲಿ ಹಿಡಿದಿಲ್ಲ. ಬಿಲ್‌ನಲ್ಲಿ ಯಾವುದಾದರೂ ರಿಯಾಯಿತಿ ಇದ್ದರೆ ಬೇರೆ ಸಾಲಿನಲ್ಲಿ ಕಾಣುತ್ತದೆ, ಅದನ್ನು ಕಳೆದುಕೊಳ್ಳಬೇಕು.

ಕಟ್ಟೆ ಮೇಲಿನ "ನಾಕ್ನೂರು ಹೋಗಿ ಹದಿನಾರುನೂರು" ಎಂಬ ಮಾತಿನ ಗುಟ್ಟು ಇದೇ. ಎರಡೂ ತಿಂಗಳ ಬಳಕೆಯಲ್ಲಿ ವ್ಯತ್ಯಾಸ ಬೆರಳೆಣಿಕೆ ಯೂನಿಟ್ ಇರಬಹುದು.

ಉಳಿಸಿದ ಯೂನಿಟ್‌ಗೆ ಎಲ್ಲ ಕಡೆ ಒಂದೇ ಬೆಲೆಯಲ್ಲ

ಮೇಲಿನ ಮನೆಯನ್ನೇ ತೆಗೆದುಕೊಳ್ಳಿ. ಬಳಕೆ 125ರಿಂದ 115ಕ್ಕೆ ಇಳಿಸಿದರೆ ಬಿಲ್‌ನಲ್ಲಿ ಒಂದು ಪೈಸೆ ಉಳಿಯುವುದಿಲ್ಲ, ಮೊದಲೇ ಸೊನ್ನೆ ಇತ್ತು. 180ರಿಂದ 170ಕ್ಕೆ ಇಳಿಸಿದರೆ ಯೂನಿಟ್ ಶುಲ್ಕದಲ್ಲಿ 58 ರೂಪಾಯಿ ಉಳಿತಾಯ. 205ರಿಂದ 199ಕ್ಕೆ ಇಳಿಸಿದರೆ? 1,189 ರೂಪಾಯಿ ಇದ್ದ ಯೂನಿಟ್ ಶುಲ್ಕ 388.60ಕ್ಕೆ ಬರುತ್ತದೆ. ಆರು ಯೂನಿಟ್‌ಗೆ 800 ರೂಪಾಯಿ ಉಳಿತಾಯ.

ಆರು ಯೂನಿಟ್ ಅಂದ್ರೆ ಎಷ್ಟು? ಸಾವಿರ ವ್ಯಾಟ್‌ನ ಸಾಮಾನು ಒಂದು ತಾಸು ನಡೆದರೆ ಒಂದು ಯೂನಿಟ್. 2,000 ವ್ಯಾಟ್‌ನ ಗೀಸರ್ ಅರ್ಧ ತಾಸಿಗೆ ಒಂದು ಯೂನಿಟ್ ತಿನ್ನುತ್ತದೆ. 75 ವ್ಯಾಟ್‌ನ ಫ್ಯಾನ್ ಹತ್ತು ತಾಸಿಗೆ ಮುಕ್ಕಾಲು ಯೂನಿಟ್. ಒಂದು ಎಚ್‌ಪಿ ಮೋಟರ್ ತಾಸಿಗೆ ಸುಮಾರು ಮುಕ್ಕಾಲರಿಂದ ಒಂದು ಯೂನಿಟ್. 180 ವ್ಯಾಟ್‌ನ ಕೂಲರ್ ದಿನಕ್ಕೆ ಹತ್ತು ತಾಸು ನಡೆದರೆ 1.8 ಯೂನಿಟ್, ತಿಂಗಳಿಗೆ 54. ಚಳಿಗಾಲದಲ್ಲಿ 150 ಯೂನಿಟ್ ಬಳಸುವ ಮನೆಯಲ್ಲಿ ಏಪ್ರಿಲ್‌ನಲ್ಲಿ ಒಂದು ಕೂಲರ್ ಬಂತೆಂದರೆ 204. ಗೆರೆ ದಾಟಿತು. ಕೂಲರ್ ಸುಟ್ಟ ಕರೆಂಟ್‌ನ ಬೆಲೆ 54ನ್ನು 5.80ರಿಂದ ಗುಣಿಸಿದ 313 ರೂಪಾಯಿ ಎಂದು ಅಂದಾಜು ಮಾಡಿದವರಿಗೆ ಬಿಲ್ ಬಂದಾಗ ಆಶ್ಚರ್ಯ ಆಗುವುದು ಸಹಜ.

ಬಿಲ್ ಬರೋಕಿಂತ ಮೊದಲೇ ನೋಡಿಕೊಳ್ಳೋದು ಹೇಗೆ?

ಹೋದ ಬಿಲ್‌ನಲ್ಲಿ ಎರಡು ಸಂಗತಿ ಬೇಕು: ರೀಡಿಂಗ್ ತೆಗೆದ ದಿನಾಂಕ ಮತ್ತು ಅವತ್ತಿನ ರೀಡಿಂಗ್. ಡಿಜಿಟಲ್ ಮೀಟರ್‌ನ ಪರದೆಯಲ್ಲಿ ದಿನಾಂಕ, ವೋಲ್ಟೇಜ್, ಲೋಡ್ ಹೀಗೆ ಒಂದಾದ ಮೇಲೆ ಒಂದು ಸಂಖ್ಯೆ ಬರುತ್ತದೆ. ಪಕ್ಕದಲ್ಲಿ kWh ಎಂದು ಬಂದಾಗ ಕಾಣುವ ಸಂಖ್ಯೆಯೇ ಯೂನಿಟ್. kW ಎಂದಷ್ಟೇ ಇದ್ದರೆ ಅದು ಲೋಡ್, ಅದನ್ನು ಬರೆದುಕೊಳ್ಳಬಾರದು.

200 ಯೂನಿಟ್‌ನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 6.67 ಯೂನಿಟ್. ರೀಡಿಂಗ್ ಆಗಿ ಇಪ್ಪತ್ತನೇ ದಿನ ಮೀಟರ್ ನೋಡಿ. ಹೋದ ಬಿಲ್‌ನ ರೀಡಿಂಗ್ 4,310 ಇದ್ದು ಈಗ 4,452 ಇದ್ದರೆ ಬಳಕೆ 142. ದಿನಕ್ಕೆ 7.1. ಹೀಗೇ ಹೋದರೆ 30 ದಿನಕ್ಕೆ 213. ಇನ್ನು ಹತ್ತು ದಿನಕ್ಕೆ ಉಳಿದಿರುವುದು 58 ಯೂನಿಟ್, ಅಂದರೆ ದಿನಕ್ಕೆ 5.8. ದಿನಕ್ಕೆ ಒಂದೂವರೆ ಯೂನಿಟ್ ಕಡಿಮೆ ಮಾಡಿದರೆ ಗೆರೆ ಕೆಳಗೆ ಉಳಿಯಬಹುದು. ಇಪ್ಪತ್ತನೇ ದಿನವೇ 180 ದಾಟಿದ್ದರೆ ಆ ತಿಂಗಳು 200ರೊಳಗೆ ಉಳಿಯುವುದು ಕಷ್ಟ. ಆಗ ಒದ್ದಾಡಿ ಉಳಿಸಿದ ಯೂನಿಟ್‌ಗೆ ಸಿಗುವುದು 5.80 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ, ಸರ್‌ಚಾರ್ಜ್ ಅಷ್ಟೇ.

ತಪ್ಪು ಎಲ್ಲಿ ಆಗಿರಬಹುದು?

ಬಿಲ್ ಜಿಗಿದಾಗ ಮೂರು ಕಡೆ ನೋಡಬೇಕು.

ಒಂದು, ದಿನಗಳ ಅಂತರ. ಹಿಂದಿನ ರೀಡಿಂಗ್‌ಗೂ ಈ ರೀಡಿಂಗ್‌ಗೂ ಎಷ್ಟು ದಿನ? 33 ದಿನಕ್ಕೆ 201 ಯೂನಿಟ್ ಆಗಿದ್ದರೆ ದಿನಕ್ಕೆ 6.09, ಮೂವತ್ತು ದಿನದ ಲೆಕ್ಕದಲ್ಲಿ 183. ಅಂಥ ಬಿಲ್ ಬಂದಾಗ ಎರಡೂ ಬಿಲ್ ಹಿಡಿದು ಶಾಖಾ ಕಚೇರಿಯಲ್ಲಿ ಕೇಳಬೇಕು.

ಎರಡು, ಮನೆಗೆ ಬೀಗ ಇದ್ದ ತಿಂಗಳು. ಹೊಲ, ಊರು ಅಂತ ಹೋದಾಗ ರೀಡಿಂಗ್ ಸಿಗದಿದ್ದರೆ ಅಂದಾಜಿನ ಬಿಲ್ ಆಗುತ್ತದೆ. ಮುಂದಿನ ಸಲ ಎರಡು ತಿಂಗಳ ಯೂನಿಟ್ ಒಟ್ಟಿಗೆ ಕಂಡರೆ 200 ದಾಟಿದಂತೆ ಕಾಣಬಹುದು. ತಿಂಗಳಿಗೆ 140ರಂತೆ ಎರಡು ತಿಂಗಳ 280 ಯೂನಿಟ್‌ನ್ನು ಒಂದೇ ತಿಂಗಳ ಬಳಕೆ ಎಂದು ಹಿಡಿದರೆ ಅದು ಬೇರೆಯೇ ಬಿಲ್. ತಿಂಗಳುವಾರು ಬಿಡಿಸಿ ಲೆಕ್ಕ ಮಾಡಿಕೊಡಿ ಎಂದು ಅರ್ಜಿ ಕೊಡಬೇಕು.

ಮೂರು, ರೀಡಿಂಗ್ ತಾಳೆ. ಬಿಲ್‌ನಲ್ಲಿನ ಪ್ರಸ್ತುತ ರೀಡಿಂಗ್, ಮನೆಯ ಮೀಟರ್‌ನಲ್ಲಿ ಇಂದು ಕಾಣುವ ಸಂಖ್ಯೆಗಿಂತ ಹೆಚ್ಚಿದ್ದರೆ ಬರೆದಿದ್ದರಲ್ಲಿ ತಪ್ಪಾಗಿದೆ ಎಂದೇ ಅರ್ಥ. ಮೀಟರ್ ಹಿಂದಕ್ಕೆ ಓಡುವುದಿಲ್ಲ. ದಿನಾಂಕ ಸಮೇತ ಮೀಟರ್‌ನ ಫೋಟೊ ತೆಗೆದಿಟ್ಟುಕೊಂಡರೆ ಮಾತು ಬೇಗ ಮುಗಿಯುತ್ತದೆ.

ದೂರಿಗೆ 1912 ಸಹಾಯವಾಣಿ ಇದೆ. ಆರ್‌ಆರ್ ನಂಬರ್ ಕೈಯಲ್ಲಿರಲಿ. ಕಚೇರಿಯಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಮಟ್ಟದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಲಿಖಿತವಾಗಿ ದೂರು ಕೊಡಬಹುದು.

ಅಂಗಡಿಯವರಿಗೆ ಲೆಕ್ಕ ಉಲ್ಟಾ

ವಾಣಿಜ್ಯ ಮೀಟರ್‌ಗೆ ಗೃಹಜ್ಯೋತಿ ಇಲ್ಲ, ಹಾಗಾಗಿ 200ರ ಗೆರೆಯೂ ಇಲ್ಲ. ಇಲ್ಲಿ ಬಳಕೆ ಹೆಚ್ಚಾದಂತೆ ಸರಾಸರಿ ದರ ಇಳಿಯುತ್ತದೆ. ಯೂನಿಟ್ ದರ 7 ರೂಪಾಯಿ, ನಿಗದಿತ ಶುಲ್ಕ 430 ರೂಪಾಯಿ ಬರುವ ಒಂದು ಅಂಗಡಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ತಿಂಗಳಿಗೆ 60 ಯೂನಿಟ್ ಬಳಸಿದರೆ 850 ರೂಪಾಯಿ, ಸರಾಸರಿ 14.17. 150 ಯೂನಿಟ್‌ಗೆ 1,480, ಸರಾಸರಿ 9.87. 300 ಯೂನಿಟ್‌ಗೆ 2,530, ಸರಾಸರಿ 8.43. ನಿಗದಿತ ಶುಲ್ಕ ಹೆಚ್ಚು ಯೂನಿಟ್ ಮೇಲೆ ಹಂಚಿಹೋಗುವುದೇ ಇದಕ್ಕೆ ಕಾರಣ.

"ನಮಗ ಯೂನಿಟ್‌ಗೆ ಹದಿನಾಲ್ಕು ಬೀಳ್ತದ, ಫ್ರಿಜ್ ಇಟ್ರ ಪರವಡಸಂಗಿಲ್ಲ" ಎಂದು ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಫ್ರಿಜ್ ತಿನ್ನುವ ಪ್ರತಿ ಹೊಸ ಯೂನಿಟ್‌ಗೆ ಬೀಳುವುದು 7 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ, ಸರ್‌ಚಾರ್ಜ್. ಹದಿನಾಲ್ಕಲ್ಲ. ಸರಾಸರಿ ಬಹಳ ಹೆಚ್ಚಿದ್ದರೆ ನೋಡಬೇಕಾದ್ದು ಮಂಜೂರಾದ ಲೋಡ್. ಎರಡು ಬಲ್ಬ್, ಒಂದು ಫ್ಯಾನ್, ಒಂದು ತೂಕದ ಯಂತ್ರ ಇರುವ ಅಂಗಡಿಗೆ ಹಿಂದೆ ಯಾರೋ 2 ಕಿಲೋವ್ಯಾಟ್ ಬರೆಸಿದ್ದರೆ, ಬಳಸಲಿ ಬಿಡಲಿ ಆ ಶುಲ್ಕ ಪ್ರತಿ ತಿಂಗಳೂ ಬರುತ್ತದೆ. ಲೋಡ್ ಇಳಿಸಲು ಅರ್ಜಿ ಕೊಡಲು ಅವಕಾಶವಿದೆ.

ಮನೆ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟವರು ಮನೆ ಮೀಟರ್‌ನಿಂದಲೇ ವೈರ್ ಎಳೆದುಕೊಳ್ಳುವುದುಂಟು. ಅಂಗಡಿಯ ಫ್ರಿಜ್ ಸೇರಿ ಮನೆ ಬಳಕೆ 200 ದಾಟಿದರೆ ಗೃಹಜ್ಯೋತಿ ಹೋಗುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಮನೆಗೆಂದು ಪಡೆದ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 126ರ ಪ್ರಕಾರ ಅನಧಿಕೃತ ಬಳಕೆ. ತಪಾಸಣೆಯಲ್ಲಿ ಸಿಕ್ಕರೆ ಅನ್ವಯವಾಗುವ ದರದ ಎರಡರಷ್ಟು ಲೆಕ್ಕ ಹಾಕುತ್ತಾರೆ. ಯಾವಾಗಿನಿಂದ ಬಳಕೆಯಾಗಿದೆ ಎಂಬುದು ತಿಳಿಯದಿದ್ದರೆ ಹಿಂದಿನ 12 ತಿಂಗಳಿಗೆ ಹಾಕಬಹುದು. ಅಂಗಡಿಗೆ ಬೇರೆ ಮೀಟರ್ ಇದ್ದರೆ ಎರಡೂ ತೊಂದರೆ ಇಲ್ಲ.

ಬಿಲ್ ಕೈಗೆ ಬಂದಾಗ ನೋಡಬೇಕಾದ್ದು

- ಎರಡು ರೀಡಿಂಗ್ ದಿನಾಂಕಗಳ ನಡುವೆ ಎಷ್ಟು ದಿನ?
- ಒಟ್ಟು ಯೂನಿಟ್ ಎಷ್ಟು? ಮನೆಯ ಉಚಿತ ಮಿತಿ ಎಷ್ಟು?
- ಬಳಕೆ ಮಿತಿಯೊಳಗಿದೆಯೋ, 200ರೊಳಗಿದೆಯೋ, ದಾಟಿದೆಯೋ?
- ಹಳೆ ಬಾಕಿ ಕಳೆದು ಉಳಿದ ಮೊತ್ತವನ್ನು ಯೂನಿಟ್‌ನಿಂದ ಭಾಗಿಸಿದರೆ ಎಷ್ಟು ಬರುತ್ತದೆ? ಹೋದ ತಿಂಗಳು ಎಷ್ಟಿತ್ತು?

ಸರಾಸರಿ ಒಂದರಿಂದ ಎಂಟು ರೂಪಾಯಿಗೆ ಜಿಗಿದಿದ್ದು ಯೂನಿಟ್ ಸ್ವಲ್ಪವೇ ಏರಿದ್ದರೆ 200ರ ಗೆರೆ ದಾಟಿದೆ ಎಂದರ್ಥ. ಯೂನಿಟ್‌ಗಳೇ ಕಾರಣವಿಲ್ಲದೆ ದುಪ್ಪಟ್ಟಾಗಿದ್ದರೆ ಮಾತ್ರ ಮೀಟರ್ ಅಥವಾ ರೀಡಿಂಗ್ ಬಗ್ಗೆ ದೂರು ಕೊಡಬೇಕು.